ಮಷೀನನ್ನು ಸ್ವಲ್ಪ ತಿರುಗಿಸಮ್ಮ

ಬೆಳಿಗ್ಗೆ ಏಳೂವರೆಗೆ ತೀರ್ಥಹಳ್ಳಿಯಿಂದ ಅಮ್ಮನ ಫೋನು. ನಾನು ಇಲ್ಲಿ ಮೈಸೂರಿನಲ್ಲಿ ಮಗನ ಡಬ್ಬಿಗೆ ಚಪಾತಿ ಸುತ್ತುತ್ತಿದ್ದೆ. "ಬಿ.ಪಿ. ಮಷೀನು ಕೆಟ್ಟೋಯ್ತು ಕಣೇ. ಗಾಳಿ ಹೊಡ್ಕೊಳ್ತಾನೇ ಇರುತ್ತೆ, ನಂಬರ್ರೇ ಬರಲ್ಲ. ಕೊನೆಗೆ E1 ಅಂತ ತೋರಿಸಿ ಸುಮ್ಮನಾಗುತ್ತೆ" ಅಂದರು. ಹಿಂದಿನಿಂದ ಅಪ್ಪನ ದನಿ: "ಮಷೀನು ಕೆಟ್ಟಿಲ್ಲ, ಪಟ್ಟಿ ತೂತಾಗಿದೆ ಅಂತ ಹೇಳು."

ಅಪ್ಪ ಹೇಳಿದ್ದೇ ಸರಿ. ತೋಳಿಗೆ ಸುತ್ತುವ ಕಫ್‌ಗೆ ರಬ್ಬರ್ ಟ್ಯೂಬು ಸೇರುವ ಜಾಗದಲ್ಲಿ ಸೀಳು ಬಿಟ್ಟಿತ್ತು. ದಿನಾ ಬಿಚ್ಚಿ, ಟ್ಯೂಬನ್ನು ಮಷೀನಿಗೇ ಬಿಗಿಯಾಗಿ ಸುತ್ತಿಟ್ಟರೆ ಮೊದಲು ಸೋಲುವುದು ಆ ಜಾಗವೇ. ಅಮ್ಮನ ಮಷೀನಿನ ಪುಸ್ತಕದಲ್ಲೂ E1 ಅಂದರೆ ಗಾಳಿ ಸೋರುತ್ತಿದೆ, ಇಲ್ಲವೇ ಪ್ಲಗ್ ಸರಿಯಾಗಿ ಕೂತಿಲ್ಲ, ಅಥವಾ ಕಫ್ ಸರಿಯಾಗಿ ಸುತ್ತಿಲ್ಲ ಅಂತಲೇ ಇದೆ. ಕಫ್ ಬದಲಾಯಿಸಿದರೆ ಸಾಕು, ಹೊಸ ಮಷೀನು ಬೇಕಿರಲಿಲ್ಲ.

ಆದರೆ ಅವಸರವಿತ್ತು. ಹಿಂದಿನ ತಿಂಗಳು ಅಮ್ಮನ ಬಿ.ಪಿ. ಜಾಸ್ತಿ ಬಂದು, "ಎರಡು ವಾರ ಮನೆಯಲ್ಲಿ ನೋಡಿ ಬರೆದುಕೊಂಡು ಬನ್ನಿ, ಮಾತ್ರೆ ಹೆಚ್ಚಿಸಬೇಕೋ ಏನೋ ಆಮೇಲೆ ಹೇಳ್ತೀನಿ" ಅಂದಿದ್ದರು ಡಾಕ್ಟರು. "ಮಷೀನಿನ ಫೋಟೊ ಕಳಿಸಿ, ನಾನು ಇಲ್ಲಿಂದ ಕಫ್ ಕಳಿಸ್ತೀನಿ" ಅಂದೆ.

ಅಪ್ಪ ಕಳಿಸಿದ ಫೋಟೊದಲ್ಲಿ ಮಷೀನಿನ ಮುಖ ಚೆನ್ನಾಗಿ ಕಾಣುತ್ತಿತ್ತು. ಓಮ್ರಾನ್ ಅಂತ ಹೆಸರು, ಪರದೆ, ದೊಡ್ಡ ಬಟನ್ನು. ಅಷ್ಟು ಸಾಕು ಅಂದುಕೊಂಡು ಮನೆ ಹತ್ತಿರದ ಮೆಡಿಕಲ್ ಶಾಪಿಗೆ ಹೋದೆ. "ಇದು ಎಲ್ಲದಕ್ಕೂ ಆಗುತ್ತೆ ಮೇಡಂ" ಅಂತ ಬೇರೆ ಕಂಪನಿಯ ಕಫ್ ಒಂದನ್ನು ಕೊಟ್ಟರು. ಊರಿಗೆ ಹೊರಟಿದ್ದ ಚಿಕ್ಕಪ್ಪನ ಕೈಲಿ ಕಳಿಸಿದೆ. ಮಾರನೇ ದಿನ ಮತ್ತೆ ಫೋನು: "ಪ್ಲಗ್ಗು ಲೊಡಲೊಡ ಅಂತಿದೆ. ಕೈಲಿ ಒತ್ತಿ ಹಿಡ್ಕೊಂಡ್ರೆ ಒಮ್ಮೊಮ್ಮೆ ಬರುತ್ತೆ." ಬಂದ ನಂಬರನ್ನು ಬರೆದಿಡಬೇಡಿ ಅಂದೆ. ತಪ್ಪು ನನ್ನದು. ಮುಖ ನೋಡಿ ಕಂಪನಿ ಗೊತ್ತಾಗುತ್ತದೆಯೇ ಹೊರತು ಮಾಡೆಲ್ ಗೊತ್ತಾಗುವುದಿಲ್ಲ. ಒಂದೇ ಕಂಪನಿಯ ಹತ್ತಾರು ಮಷೀನುಗಳ ಮುಖ ಅಕ್ಕತಂಗಿಯರ ಹಾಗೆ ಇರುತ್ತದೆ.

"ಮಷೀನನ್ನು ಸ್ವಲ್ಪ ತಿರುಗಿಸಮ್ಮ, ಹೊಟ್ಟೆ ಕಡೆ ಒಂದು ಚೀಟಿ ಅಂಟಿಸಿರ್ತಾರೆ" ಅಂದೆ. ಬಂದ ಫೋಟೊದ ಚೀಟಿ ಮೇಲೆ ಫ್ಲಾಶ್ ಬಿದ್ದು ಬರೀ ಬಿಳಿ. ಎರಡನೆಯದು ತೀರಾ ಹತ್ತಿರದಿಂದ ತೆಗೆದು ಮಸುಕು. ಮೂರನೇ ಸಲ ಹೀಗೆ ಹೇಳಿಕೊಟ್ಟೆ: ಫ್ಲಾಶ್ ಆರಿಸಿ, ಮಷೀನನ್ನು ಕಿಟಕಿ ಹತ್ತಿರದ ಮೇಜಿನ ಮೇಲೆ ಮಕಾಡೆ ಮಲಗಿಸಿ. ಫೋನನ್ನು ಒಂದು ಗೇಣು ಮೇಲೆ ಹಿಡಿದು, ಪರದೆಯಲ್ಲಿ ಚೀಟಿ ಇರುವ ಕಡೆ ಬೆರಳಿಟ್ಟು, ಅಕ್ಷರ ಸ್ಪಷ್ಟವಾದ ಮೇಲೆ ತೆಗೆಯಿರಿ. ದೊಡ್ಡದು ಮಾಡಿ ನೋಡುವ ಕೆಲಸ ನನಗಿರಲಿ. ವಾಟ್ಸಾಪ್‌ನಲ್ಲಿ ಕಳಿಸುವಾಗ HD ಒತ್ತಿ. ಈ ಸಲ ಅಕ್ಷರ ಸ್ಫುಟವಾಗಿ ಬಂತು.

ಚೀಟಿಯಲ್ಲಿ ನಂಬರುಗಳ ಜಾತ್ರೆಯೇ ಇರುತ್ತದೆ. ನಾನೂ ಮೊದಲು SN ಎಂಬುದರ ಮುಂದಿದ್ದ ಉದ್ದದ ಅಂಕಿಯನ್ನೇ ಹಾಕಿ ಹುಡುಕಿದೆ, ಏನೂ ಸಿಗಲಿಲ್ಲ. ಅದು ಆ ಒಂದು ಮಷೀನಿನದ್ದೇ ಕ್ರಮಸಂಖ್ಯೆ, ನಮ್ಮ ಆಧಾರ್ ನಂಬರ್ ಇದ್ದ ಹಾಗೆ. ನಮಗೆ ಬೇಕಾದದ್ದು ಅಕ್ಷರವೂ ಅಂಕಿಯೂ ಸೇರಿದ ಗಿಡ್ಡ ಹೆಸರು. ಅಮ್ಮನದು HEM-7120. ಕೊನೆಯದು 0 ಹೌದೋ, ಇಲ್ಲ 8 ಅಥವಾ 6 ಇರಬಹುದೋ ಅನ್ನಿಸಿದಾಗ ಅಪ್ಪನಿಂದ ಬಾಯಿಬಿಟ್ಟು ಓದಿಸಿಕೊಂಡೆ. ಒಂದು ಅಂಕಿ ಬದಲಾದರೆ ಮಷೀನೇ ಬೇರೆ.

ಮಾಡೆಲ್ ಸಿಕ್ಕಿದ ಮೇಲೆ ಉಳಿದದ್ದು ಸುಲಭ ಅಂದುಕೊಂಡಿದ್ದೆ. ಆ ಮಷೀನಿನ ಕೈಪಿಡಿಯಲ್ಲಿ ಅದಕ್ಕೆ ಹೊಂದುವ ಕಫ್‌ಗಳ ಪಟ್ಟಿ ಇತ್ತು. ಒಂದಲ್ಲ, ಮೂರು! ಚಿಕ್ಕದು 17ರಿಂದ 22 ಸೆಂಟಿಮೀಟರ್, ಮಧ್ಯಮ 22ರಿಂದ 32, ದೊಡ್ಡದು 32ರಿಂದ 42. ಮೂರರ ಹೆಸರೂ ಬೇರೆ: HEM-CS24, HEM-CR24, HEM-CL24. ಇದು ಮಷೀನಿನ ಅಳತೆಯಲ್ಲ, ತೋಳಿನ ಸುತ್ತಳತೆ. ಮಷೀನಿನ ಫೋಟೊ ಎಷ್ಟು ಚೆನ್ನಾಗಿದ್ದರೂ ಇದನ್ನು ಹೇಳಲಾರದು.

ಹಾಗಾಗಿ ಇನ್ನೆರಡು ಫೋಟೊ ಕೇಳಿದೆ. ಒಂದು, ಹರಿದ ಹಳೇ ಕಫ್‌ನದ್ದು. ಅದರ ಮೇಲೆ 22–32 ಅಂತ ಅಚ್ಚಾಗಿತ್ತು. ಇನ್ನೊಂದು, ಅಮ್ಮನ ತೋಳಿನದ್ದು. "ತೋಳಿನ ಫೋಟೊ ಯಾಕೆ, ನಾಚಿಕೆ ಆಗಲ್ವೇನೇ?" ಅಂತ ನಕ್ಕರು ಅಮ್ಮ. ಹೊಲಿಗೆ ಟೇಪು ಹಿಡಿದು ಅಪ್ಪ ಅಳೆದರು. ತೋಳು ಬರಿದಾಗಿರಬೇಕು, ಸಡಿಲವಾಗಿ ಇಳಿಬಿಟ್ಟಿರಬೇಕು, ಭುಜದ ಮೂಳೆಯ ತುದಿಗೂ ಮೊಣಕೈಗೂ ನಟ್ಟನಡುವೆ ಟೇಪು ಸುತ್ತಬೇಕು, ಬಿಗಿಯಬಾರದು. ಇಂಚಿನ ಕಡೆ ಅಲ್ಲ, ಸೆಂಟಿಮೀಟರ್ ಕಡೆ ಓದಬೇಕು. ಫೋಟೊದಲ್ಲಿ ಟೇಪು 35 ತೋರಿಸುತ್ತಿತ್ತು.

ನಾನು ಎರಡೆರಡು ಸಲ ನೋಡಿದೆ. 35 ಸೆಂಟಿಮೀಟರ್ ತೋಳಿಗೆ ಮೂರು ವರ್ಷದಿಂದ 32ರವರೆಗಿನ ಕಫ್ ಸುತ್ತುತ್ತಿದ್ದೆವು! ಪೆಟ್ಟಿಗೆಯಲ್ಲಿ ಬಂದದ್ದು ಅದು, ಯಾರೂ ಯೋಚಿಸಿರಲಿಲ್ಲ. "ಪಟ್ಟಿಯ ಮೇಲೆ ಒಂದು ಬಾಣದ ಗುರುತು ಇರುತ್ತಲ್ಲ, ಸುತ್ತಿದಾಗ ಅದು ಗೆರೆಗಳ ಒಳಗೆ ಬೀಳ್ತಿತ್ತಾ?" ಅಂತ ಕೇಳಿದೆ. "ಇಲ್ಲ, ಯಾವಾಗ್ಲೂ ಆಚೇನೇ ಇರ್ತಿತ್ತು. ಅದೇನು ಡಿಸೈನು ಅಂದ್ಕೊಂಡಿದ್ದೆ" ಅಂದರು ಅಮ್ಮ. ಆ ಬಾಣ ಇರುವುದೇ ಈ ಕಫ್ ನಿಮ್ಮ ತೋಳಿಗೆ ಸರಿಯೋ ಅಲ್ಲವೋ ಅಂತ ಹೇಳಲಿಕ್ಕೆ.

ಕಫ್ ಚಿಕ್ಕದಾದರೆ ಏನಾಗುತ್ತದೆ? ಮನೆಯ ಡಿಜಿಟಲ್ ಮಷೀನು ಡಾಕ್ಟರ ಸ್ಟೆತೋಸ್ಕೋಪಿನ ಹಾಗೆ ಸದ್ದು ಕೇಳುವುದಿಲ್ಲ. ರಕ್ತನಾಳದ ಮಿಡಿತ ಕಫ್‌ನೊಳಗಿನ ಗಾಳಿಯಲ್ಲಿ ಎಬ್ಬಿಸುವ ಸಣ್ಣ ಅಲೆಗಳನ್ನು ಅಳೆದು ಲೆಕ್ಕ ಹಾಕುತ್ತದೆ. ಅಂದರೆ ಕಫ್ ಬರೀ ಬಟ್ಟೆಪಟ್ಟಿಯಲ್ಲ, ಅಳೆಯುವ ಉಪಕರಣದ ಅರ್ಧ ಭಾಗ. ಬೇರೆ ಕಂಪನಿಯ ಕಫ್ ಹೇಗೋ ಕೂತರೂ ನಂಬರನ್ನು ನಂಬಲಾಗದು ಅನ್ನುವುದಕ್ಕೂ ಇದೇ ಕಾರಣ. ಕಫ್ ಚಿಕ್ಕದಾದರೆ ರಕ್ತನಾಳವನ್ನು ಒತ್ತಲು ಹೆಚ್ಚು ಗಾಳಿ ಬೇಕಾಗಿ, ಬಿ.ಪಿ. ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ದೊಡ್ಡದಾದರೆ ಕಡಿಮೆ ತೋರಿಸುತ್ತದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಸಂಶೋಧಕರು 2023ರಲ್ಲಿ ಇದನ್ನು ಅಳೆದು ಪ್ರಕಟಿಸಿದ್ದಾರೆ. ದೊಡ್ಡ ಕಫ್ ಬೇಕಾದವರಿಗೆ ಮಾಮೂಲಿ ಕಫ್ ಕಟ್ಟಿದಾಗ ಮೇಲಿನ ನಂಬರು ಸರಾಸರಿ ಸುಮಾರು 5 ಜಾಸ್ತಿ ಬಂತು, ಅದಕ್ಕಿಂತಲೂ ದೊಡ್ಡದು ಬೇಕಾದವರಿಗೆ ಸುಮಾರು 20 ಜಾಸ್ತಿ!

ದೊಡ್ಡ ಕಫನ್ನೇ ಮಾಡೆಲ್ ನಂಬರ್ ಕೊಟ್ಟು ತರಿಸಿ ಕಳಿಸಿದೆ. ಮತ್ತೆ ಫೋನು. ಈ ಸಲ ಅಪ್ಪ: "ಇದರ ಟ್ಯೂಬಿನ ತುದಿ ಬೋಳು. ಪ್ಲಗ್ಗೇ ಇಲ್ಲ." ಒಂದು ಕ್ಷಣ ತಲೆ ಮೇಲೆ ಕೈ ಇಟ್ಟುಕೊಂಡೆ. ಆಮೇಲೆ ಕೈಪಿಡಿಯಲ್ಲಿದ್ದ ಒಂದು ಸಣ್ಣ ಸಾಲು ನೆನಪಾಯಿತು: ಹಳೆಯ ಕಫ್‌ನ ಏರ್ ಪ್ಲಗ್ ಎಸೆಯಬೇಡಿ, ಬೇರೆ ಕಫ್‌ಗೆ ಬೇಕಾಗಬಹುದು. "ಹರಿದ ಪಟ್ಟಿ ಎಲ್ಲಿದೆ ಅಪ್ಪ?" "ಅಟ್ಟದ ಮೆಟ್ಟಿಲ ಹತ್ತಿರ ಮೊಳೆಗೆ ನೇತುಹಾಕಿದೀನಿ. ಏನಕ್ಕಾದ್ರೂ ಬರುತ್ತೆ ಅಂತ." ಏನನ್ನೂ ಎಸೆಯದ ಅಪ್ಪನ ಮೇಲೆ ನಾವೆಲ್ಲ ಎಷ್ಟು ರೇಗಿದ್ದೇವೋ! ಹಳೇ ಟ್ಯೂಬಿನಿಂದ ಪ್ಲಗ್ ಕಿತ್ತು, ಹೊಸ ಟ್ಯೂಬಿಗೆ ಪೂರ್ತಿ ಒಳಗೆ ಒತ್ತಿದರು. ಬಾಣ ಗೆರೆಗಳ ಒಳಗೆ ಬಿತ್ತು. E1 ಬರಲಿಲ್ಲ.

ಹೊಸ ಕಫ್‌ನಲ್ಲಿ ಅಮ್ಮ ಹತ್ತು ದಿನ ಬೆಳಿಗ್ಗೆ ಸಂಜೆ ನೋಡಿ ಬರೆದರು. ಮೊದಲು 148, 150ರ ಆಸುಪಾಸು ಇರುತ್ತಿದ್ದದ್ದು ಈಗ ಹೆಚ್ಚಾಗಿ 140, 142. ಡಾಕ್ಟರಿಗೆ ಹಳೇ ಪುಸ್ತಕ, ಹೊಸ ಪುಸ್ತಕ, ಕಫ್ ಬದಲಾದ ದಿನಾಂಕ ಎಲ್ಲವನ್ನೂ ತೋರಿಸಿದರು. ಅವರು ತಮ್ಮಲ್ಲಿದ್ದ ದೊಡ್ಡ ಕಫ್‌ನಲ್ಲೂ ನೋಡಿ, "ಸದ್ಯಕ್ಕೆ ಇದೇ ಮಾತ್ರೆ ಇರಲಿ, ತಿಂಗಳು ಬಿಟ್ಟು ನೋಡೋಣ" ಅಂದರು. ಕಫ್ ಬದಲಾದ ಮಾತ್ರಕ್ಕೆ ಬಿ.ಪಿ. ವಾಸಿಯಾಗಲಿಲ್ಲ. ಇಲ್ಲದ ಎಂಟು ಹತ್ತು ಅಂಕಿಗೆ ಮಾತ್ರೆ ಜಾಸ್ತಿಯಾಗುವುದು ತಪ್ಪಿತು, ಅಷ್ಟೆ.

ಈ ಸುದ್ದಿ ಕೇಳಿ ಪಕ್ಕದ ಮನೆ ರಾಯರು ತಮ್ಮ ಶುಗರ್ ಮಷೀನಿನ ಫೋಟೊ ಕಳಿಸಿದರು, ಸ್ಟ್ರಿಪ್ ತರಿಸಿಕೊಡು ಅಂತ. ನಾನೀಗ ಬುದ್ಧಿವಂತೆ. "ಮಷೀನಿನ ಮುಂದೆ ಹಿಂದೆ ಎರಡೂ ಕಡೆ ಮತ್ತು ಖಾಲಿಯಾದ ಸ್ಟ್ರಿಪ್ ಡಬ್ಬಿಯ ಫೋಟೊ ಬೇಕು ಮಾವ" ಅಂದೆ. ಸ್ಟ್ರಿಪ್ ವಿಷಯದಲ್ಲಿ ಹಳೇ ಡಬ್ಬಿಯಷ್ಟು ಒಳ್ಳೇ ಸಾಕ್ಷಿ ಇನ್ನೊಂದಿಲ್ಲ. ಅವರದು ಒನ್‌ಟಚ್ ಸೆಲೆಕ್ಟ್ ಪ್ಲಸ್ ಸಿಂಪಲ್. ಒನ್‌ಟಚ್ ಸೆಲೆಕ್ಟ್ ಸಿಂಪಲ್ ಅಂತ ಇನ್ನೊಂದಿದೆ. ನಡುವೆ ಇರುವ 'ಪ್ಲಸ್' ಒಂದೇ ವ್ಯತ್ಯಾಸ, ಆದರೆ ಒಂದರ ಸ್ಟ್ರಿಪ್ ಇನ್ನೊಂದಕ್ಕೆ ಆಗುವುದಿಲ್ಲ. ರಾಯರು ಮೊದಲು ಕಳಿಸಿದ ಫೋಟೊದಲ್ಲಿ ಆ 'ಪ್ಲಸ್' ಮೇಲೆಯೇ ಅವರ ಹೆಬ್ಬೆರಳು ಕೂತಿತ್ತು! ತೆರೆದ ಡಬ್ಬಿಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಹೊಸ ಡಬ್ಬಿ ಬಂದಾಗ ಸೀಲ್ ಒಡೆಯುವ ಮೊದಲು ಹಳೆಯದರ ಪಕ್ಕ ಇಟ್ಟು ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ಅಂದೆ.

ನೀವೂ ಒಂದು ಕೆಲಸ ಮಾಡಿ. ಮನೆಯ ಮಷೀನು ಸರಿಯಿರುವಾಗಲೇ, ಬೆಳಕಿರುವ ಹೊತ್ತಲ್ಲಿ, ಅದರ ಹೊಟ್ಟೆಯ ಚೀಟಿ, ಕಫ್ ಮೇಲಿನ ಅಳತೆ, ಸ್ಟ್ರಿಪ್ ಡಬ್ಬಿಯ ಹೆಸರು, ಇವಿಷ್ಟರ ಫೋಟೊ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ತೋಳನ್ನೂ ಒಮ್ಮೆ ಅಳೆಯಿರಿ. ಅಮ್ಮನ ಮಷೀನಿನ ಡಬ್ಬಿ ಮೇಲೆ ಅಪ್ಪ ಈಗ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದಾರೆ: "HEM-7120. ತೋಳು 35. ದೊಡ್ಡ ಪಟ್ಟಿ." ಹರಿದ ಕಫ್, ಪ್ಲಗ್ ಕಳೆದುಕೊಂಡು, ಇನ್ನೂ ಅದೇ ಮೊಳೆಯಲ್ಲಿ ನೇತಾಡುತ್ತಿದೆ.