ಬೆಳಕಿನ ಲೆಕ್ಕ ವ್ಯಾಟಿನಲ್ಲಿಲ್ಲ

ನಡುಮನೆಯ ನೆಲಕ್ಕೆ ಯಾವ ಕಲ್ಲು ಹಾಸಬೇಕೆಂದು ನಮ್ಮವರು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ದೀಪದ ಮಾತು ಬಂದಾಗ ಮಾತ್ರ ‘ವೈರಿಂಗಿನವನು ನೋಡಿಕೊಳ್ಳುತ್ತಾನೆ ಬಿಡು’ ಎಂದುಬಿಡುತ್ತಾರೆ. ಅವನು ಗೋಡೆಯ ಮೇಲೊಂದು ಟ್ಯೂಬ್ ಹಾಕಿ ಹೋಗುತ್ತಾನೆ. ಆ ಗೋಡೆಗೆ ಬೆನ್ನು ಹಾಕಿ ಅಕ್ಕಿ ಆರಿಸಲು ಕೂತವಳ ಮೊರದ ಮೇಲೆ ಅವಳದೇ ತಲೆಯ ನೆರಳು ಬೀಳುತ್ತದೆ. ಆಮೇಲೆ ‘ವಯಸ್ಸಾಯಿತು, ಕನ್ನಡಕ ಬದಲಿಸು’ ಎಂಬ ಉಪದೇಶ ಬೇರೆ!

ಮೊದಲು ‘ಎಷ್ಟು ವ್ಯಾಟ್?’ ಎಂದು ಕೇಳುವುದನ್ನು ಬಿಡೋಣ. ವ್ಯಾಟ್ ಎಂಬುದು ದೀಪ ತಿನ್ನುವ ವಿದ್ಯುತ್ತು. ಲ್ಯೂಮೆನ್ ಎಂಬುದು ಅದು ಕೊಡುವ ಬೆಳಕು. ಹಸು ತಿಂದ ಹಿಂಡಿಯನ್ನು ತೂಗಿ ಹಾಲಿನ ಲೆಕ್ಕ ಹೇಳುವವರುಂಟೆ? ಹಳೆಯ 60 ವ್ಯಾಟ್ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ಇಂದಿನ 9 ವ್ಯಾಟಿನ ಎಲ್ಇಡಿ 800-900 ಕೊಡುತ್ತದೆ. ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ ಕೊಳ್ಳಬೇಕು.

ಲೆಕ್ಕ ಸುಲಭ. 12 ಅಡಿಗೆ 15 ಅಡಿಯ ನಡುಮನೆ ಎಂದರೆ ಸುಮಾರು 17 ಚದರ ಮೀಟರ್. ಓಡಾಡಲು, ಮಾತನಾಡಲು ಚದರ ಮೀಟರಿಗೆ 100 ಲ್ಯೂಮೆನ್ ಸಾಕು, ಒಟ್ಟು 1700. ಆದರೆ ಗೋಡೆ, ಸೂರು, ದೀಪದ ಮೇಲಿನ ಧೂಳು ಸೇರಿ ಹೆಚ್ಚುಕಡಿಮೆ ಅರ್ಧ ಬೆಳಕನ್ನು ನುಂಗುತ್ತವೆ. ಆದ್ದರಿಂದ ಇಮ್ಮಡಿ, ಅಂದರೆ 3400 ಬೇಕು. ತಲಾ 2000 ಲ್ಯೂಮೆನ್ನಿನ ಎರಡು ಟ್ಯೂಬ್ ಸಾಕು. ಗೋಡೆಗೆ ಗಾಢ ಬಣ್ಣವಿದ್ದರೆ ಇನ್ನಷ್ಟು ಬೇಕಾಗುತ್ತದೆ. ಎರಡನ್ನೂ ಒಂದೇ ಗೋಡೆಗೆ ಹಾಕಿಸದೆ ಎದುರುಬದುರು ಹಾಕಿಸಿದರೆ ಒಂದರ ನೆರಳನ್ನು ಇನ್ನೊಂದು ತಿಳಿಯಾಗಿಸುತ್ತದೆ.

ಓದಲು, ಹೊಲಿಯಲು ಇದು ಸಾಲದು. ಅದಕ್ಕೆ 300 ಬೇಕು. ಅಷ್ಟನ್ನು ಇಡೀ ಕೋಣೆಗೆ ತುಂಬಿಸಹೊರಟರೆ 10,000 ಲ್ಯೂಮೆನ್, ಐದು ಟ್ಯೂಬ್! ಫಾಲ್ಸ್ ಸೀಲಿಂಗಿನ ತುಂಬ ದೀಪ ಚುಚ್ಚಿಸುವವರು ಮಾಡುವುದು ಇದನ್ನೇ. ಅಲ್ಲಿ ಕೂತರೆ ಕಣ್ಣು ಕುಕ್ಕುತ್ತದೆ. ಅದರ ಬದಲು ಕುರ್ಚಿಯ ಪಕ್ಕದಲ್ಲಿ, ಭುಜಕ್ಕಿಂತ ತುಸು ಮೇಲೆ, ಮರೆಯಿರುವ ಒಂದು 9 ವ್ಯಾಟಿನ ದೀಪವಿಡಿ. ಪುಸ್ತಕದಿಂದ ಎರಡಡಿ ದೂರದಲ್ಲಿದ್ದರೆ ಅದೊಂದೇ ಸಾಕು. ಟಿ.ವಿ.ಯ ಹಿಂದೆ 300-400 ಲ್ಯೂಮೆನ್ನಿನ ಪುಟ್ಟ ದೀಪವಿದ್ದರೆ, ಕತ್ತಲ ಗೋಡೆಯ ಮುಂದೆ ಹೊಳೆಯುವ ಪರದೆ ನೋಡಿ ಕಣ್ಣು ದಣಿಯುವುದು ತಪ್ಪುತ್ತದೆ. ಮೂರಕ್ಕೂ ಬೇರೆಬೇರೆ ಸ್ವಿಚ್ ಇರಬೇಕು.

ಪರೀಕ್ಷೆಯೂ ಕಷ್ಟವಲ್ಲ. ಕೂತಲ್ಲೇ ಮೊರದಿಂದ ಒಂದು ಗೇಣು ಮೇಲೆ ಕೈ ಹಿಡಿಯಿರಿ. ಅಂಚು ಸ್ಪಷ್ಟವಾದ ಕಪ್ಪು ನೆರಳು ಬಿದ್ದರೆ ಬೆಳಕು ಒಂದೇ ಕಡೆಯಿಂದ ಬರುತ್ತಿದೆ ಎಂದರ್ಥ.

ಕರೆಂಟ್ ಬಿಲ್ಲಿನ ಗುಮ್ಮವನ್ನು ಯಾರೂ ತೋರಿಸಬೇಕಿಲ್ಲ. ಇವೆಲ್ಲ ಒಟ್ಟಿಗೆ ಉರಿದರೂ 55 ವ್ಯಾಟ್. ಹಳೆಯ ಒಂದು ಬಲ್ಬಿಗಿಂತ ಕಡಿಮೆ. ನಿಜವಾದ ಅಡ್ಡಿ ಬೇರೆ: ಓದುವ ದೀಪಕ್ಕೆ ಗೋಡೆಯಲ್ಲಿ ಪ್ಲಗ್ ಪಾಯಿಂಟೇ ಇರುವುದಿಲ್ಲ. ಗಾರೆ ಬಳಿದ ಮೇಲೆ ಕೇಳಿದರೆ ‘ಈಗ ಗೋಡೆ ಒಡೆಯಬೇಕಾ?’ ಎನ್ನುತ್ತಾರೆ. ಆದ್ದರಿಂದ ಗಾರೆಗೆ ಮೊದಲೇ, ನೀವು ದಿನವೂ ಕೂರುವ ಜಾಗವನ್ನು ಬೆರಳಿಟ್ಟು ತೋರಿಸಿ, ಪಾಯಿಂಟ್ ಹಾಕಿಸಿಕೊಳ್ಳಿ.