ಲೇಟಾದ್ರೆ ರೀಫಂಡ್ ಹೋಗುತ್ತೆ, ಸುಳ್ಳಾದ್ರೆ ಕ್ಲೇಮ್ ಹೋಗುತ್ತೆ (ಭಾಗ 1–4)

1️⃣
ಬಿ.ಕಾಂ ಗೆಳೆಯರೇ, ನಾಳೆ ನೀವು ಯಾವುದಾದ್ರೂ ಮಂಡಿಯಲ್ಲಿ ಲೆಕ್ಕ ಬರೆಯೋಕೆ ಕೂತ್ರೆ ಪ್ರತಿ ತಿಂಗಳು ಒಂದು ಪತ್ರ ಕಳಿಸಬೇಕಾಗುತ್ತೆ: ಸ್ಟಾಕ್ ಡಿಕ್ಲರೇಶನ್. "ಹೋದ ತಿಂಗಳ ಅಂಕಿನೇ ಹಾಕು, ಬರೀ ಫಾರ್ಮಾಲಿಟಿ" ಅಂತ ಸೀನಿಯರ್ ಹೇಳ್ತಾರೆ. ದಯವಿಟ್ಟು ಕೇಳಬೇಡಿ.

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಅಂದ್ಕೊಳ್ಳಿ. ಮೂರು ಗೋದಾಮು, ಮಾಲು ಒಂದರಿಂದ ಇನ್ನೊಂದಕ್ಕೆ ಓಡಾಡ್ತಾನೇ ಇರುತ್ತೆ. ಹಾಗಾಗಿ ಮೂರಕ್ಕೂ ಸೇರಿಸಿ ಒಂದೇ ಫ್ಲೋಟರ್ ಡಿಕ್ಲರೇಶನ್ ಪಾಲಿಸಿ, ವಿಮಾ ಮೊತ್ತ 4 ಕೋಟಿ. ಲೆಕ್ಕಕ್ಕೆ ಪ್ರೀಮಿಯಂ 1 ಲಕ್ಷ ಅಂತಿಟ್ಕೊಳ್ಳಿ. ಪೂರ್ತಿ ಮೊದಲೇ ಕಟ್ಟಬೇಕು. ವರ್ಷದ ಕೊನೆಗೆ 12 ಪತ್ರಗಳ ಸರಾಸರಿ ನೋಡಿ ಹೆಚ್ಚಾದದ್ದನ್ನ ವಾಪಸ್ ಕೊಡ್ತಾರೆ.

2️⃣
2001ರ ಅಖಿಲ ಭಾರತ ಫೈರ್ ಟ್ಯಾರಿಫ್‌ನ ನಿಯಮ ಹೀಗಿತ್ತು: ಏಪ್ರಿಲ್‌ನ ಪತ್ರ ಮೇ 31ರೊಳಗೆ ತಲುಪಬೇಕು. ತಲುಪದಿದ್ರೆ ಆ ತಿಂಗಳು ಪೂರ್ತಿ 4 ಕೋಟಿ ಮಾಲಿತ್ತು ಅಂತಲೇ ಲೆಕ್ಕ. ದಂಡ ಅಂತ ಯಾರೂ ಬಿಲ್ ಕಳಿಸಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ.

ಆರು ತಿಂಗಳು 4 ಕೋಟಿ, ಆರು ತಿಂಗಳು 3 ಕೋಟಿ ಮಾಲಿದ್ರೆ ಸರಾಸರಿ 3.5 ಕೋಟಿ. ರೀಫಂಡ್ 12,500 ರೂಪಾಯಿ. ಮಾಲು ಕಮ್ಮಿ ಇದ್ದ ಮೂರು ತಿಂಗಳ ಪತ್ರ ಲೇಟಾಯ್ತು ಅನ್ನಿ, ಸರಾಸರಿ 3.75 ಕೋಟಿಗೆ ಏರುತ್ತೆ, ರೀಫಂಡ್ 6,250ಕ್ಕೆ ಇಳಿಯುತ್ತೆ. ಅರ್ಧ ಹೋಯ್ತು! ಗೋದಾಮು ತುಂಬಿದ್ದ ತಿಂಗಳ ಪತ್ರ ಲೇಟಾಗಿದ್ರೆ ಒಂದು ಪೈಸೆಯೂ ಹೋಗ್ತಿರಲಿಲ್ಲ. ಅಂದ್ರೆ ವ್ಯಾಪಾರ ತಣ್ಣಗಿದ್ದು ಆಫೀಸು ತೂಕಡಿಸೋ ತಿಂಗಳಲ್ಲೇ ಏಟು ಬೀಳೋದು.

3️⃣
"ಒಂದು ದಿನ ತಡವಾಗಿದ್ದಕ್ಕೆ ಇಷ್ಟಾ?" ಅಂತೀರಿ. ನಿಯಮ ಗಡುಸು, ಒಪ್ತೀನಿ. ಆದ್ರೆ ಆ ತಿಂಗಳು ಬೆಂಕಿ ಬಿದ್ದಿದ್ರೆ ಕಂಪನಿ 4 ಕೋಟಿವರೆಗೂ ಹೊಣೆ ಹೊತ್ತಿತ್ತಲ್ವಾ? ನನ್ನ ಸಿಟ್ಟು ಆ ನಿಯಮದ ಮೇಲಲ್ಲ. ಲೇಟಾಗುತ್ತೆ ಅಂತ ಹೆದರಿ ಹಳೇ ಅಂಕಿ ಹಾಕಿ ಕಳಿಸೋ "ಜಾಣತನ"ದ ಮೇಲೆ.

ಯಾಕಂದ್ರೆ ಕೊನೆಯ ಪತ್ರದಲ್ಲಿ 4 ಕೋಟಿ ಅನ್ನಬೇಕಾದಲ್ಲಿ 3 ಕೋಟಿ ಅಂದಿದ್ದು ಬೆಂಕಿ ಬಿದ್ದಮೇಲೆ ಗೊತ್ತಾದ್ರೆ, ಪರಿಹಾರವೂ ಅದೇ ಅನುಪಾತದಲ್ಲಿ ಕಮ್ಮಿ. 40 ಲಕ್ಷದ ಮಾಲು ಸುಟ್ರೆ ಸಿಗೋದು 30 ಲಕ್ಷ. ಲೇಟಾಗಿದ್ರೆ ಹೋಗ್ತಿದ್ದದ್ದು ಕೆಲವು ಸಾವಿರ. ಇಲ್ಲಿ ಹೋಗಿದ್ದು 10 ಲಕ್ಷ!

4️⃣
ತಿಂಗಳ ಕೊನೇ ದಿನದ ಬ್ಯಾಲೆನ್ಸ್ ಹಾಕಿದ್ರೂ ತಪ್ಪೇ. ಆ ಟ್ಯಾರಿಫ್ ಕೇಳಿದ್ದು ದಿನದಿನದ ಗರಿಷ್ಠ ಮೌಲ್ಯದ ಸರಾಸರಿ, ಇಲ್ಲವೇ ತಿಂಗಳಲ್ಲಿ ಯಾವುದೋ ಒಂದು ದಿನ ಮುಟ್ಟಿದ ಅತಿ ಹೆಚ್ಚು ಮೌಲ್ಯ. 31ಕ್ಕೆ ಲಾರಿ ಹೊರಟುಹೋಗಿದ್ರೂ 20ನೇ ತಾರೀಕು ಗೋದಾಮಲ್ಲಿ ಮಾಲಿತ್ತಲ್ಲ?

ನಿಮ್ಮ ಪಾಲಿಸಿಯ ಗಡುವು, ಲೆಕ್ಕದ ರೀತಿ ಬೇರೆ ಇರಬಹುದು, ಮೊದಲು ಅದನ್ನ ಓದಿ. ಮೂರೂ ಗೋದಾಮಿನ ರಿಜಿಸ್ಟರ್ ಸೇರಿಸಿ ಲೆಕ್ಕ ಹಾಕಿ. ಪತ್ರ ಕೊಟ್ಟಮೇಲೆ ಸೀಲು, ತಾರೀಕು ಇರೋ ಸ್ವೀಕೃತಿ ಇಸ್ಕೊಳ್ಳಿ. ಓನರ್ "ಹಳೇದೇ ಹಾಕು" ಅಂದ್ರೆ ಈ 10 ಲಕ್ಷದ ಲೆಕ್ಕ ತೋರಿಸಿ.