ಬ್ಯಾಚ್ ಫುಲ್ ಆದ್ರೂ ಲಾಸ್ ಹೇಗೆ? | ಕಾಮರ್ಸ್ ಕಟ್ಟೆ, ಭಾಗ 6

"15 ಜನ ಸೇರಿದ್ರೆ ಸಾಕು ಸರ್, ಬ್ರೇಕ್-ಈವನ್!" ಹೊಸ ಕೋರ್ಸ್ ಶುರು ಮಾಡೋ ಮೀಟಿಂಗ್‌ನಲ್ಲಿ ಈ ಮಾತು ಕೇಳಿದ್ರೆ ತಕ್ಷಣ ತಲೆಯಾಡಿಸಬೇಡಿ. ಆ 15 ಎಲ್ಲಿಂದ ಬಂತು ಅಂತ ಕೇಳಿ.

ಒಂದು ಕಂಪ್ಯೂಟರ್ ಇನ್‌ಸ್ಟಿಟ್ಯೂಟ್ ಅಂದ್ಕೊಳ್ಳಿ. ಶನಿವಾರ-ಭಾನುವಾರ ಟ್ಯಾಲಿ ಕ್ಲಾಸ್, 3 ತಿಂಗಳು, ಫೀಸು 6,000 ರೂಪಾಯಿ. ಲ್ಯಾಬಲ್ಲಿ 20 ಸೀಟು.

ಎಷ್ಟು ಜನ ಬಂದ್ರೂ ಬದಲಾಗದ ಖರ್ಚು: ಮೇಷ್ಟ್ರ ಸಂಬಳ 45,000, ಜಾಹೀರಾತು 15,000, ಬಾಡಿಗೆ ಕಂಪ್ಯೂಟರ್ 12,000. ಒಟ್ಟು 72,000.

ಒಬ್ಬ ವಿದ್ಯಾರ್ಥಿಗೆ ನೋಟ್ಸ್, ಪರೀಕ್ಷೆ, ಸರ್ಟಿಫಿಕೇಟ್ ಎಲ್ಲಾ ಸೇರಿ 1,200. ಅಂದ್ರೆ ಒಬ್ಬರಿಂದ ಉಳಿಯೋದು 4,800.

72,000 ÷ 4,800 = 15. ಲೆಕ್ಕ ಸರಿ. ಭಾಗಾಕಾರದಲ್ಲಿ ತಪ್ಪಿಲ್ಲ, ತಪ್ಪಿರೋದು ಆ 6,000ದಲ್ಲಿ.

ಮೊದಲನೇದು ಜಿಎಸ್‌ಟಿ. ಇನ್‌ಸ್ಟಿಟ್ಯೂಟಿನ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದ್ರೆ ನೋಂದಣಿ ಕಡ್ಡಾಯ, ಖಾಸಗಿ ಕೋಚಿಂಗ್‌ಗೆ ತೆರಿಗೆ 18%. ಪೋಸ್ಟರಲ್ಲಿ "ಎಲ್ಲಾ ಸೇರಿ 6,000" ಅಂತ ಹಾಕಿದ್ರೆ ಅದರಲ್ಲಿ ಸುಮಾರು 915 ರೂಪಾಯಿ ಸರ್ಕಾರದ್ದು. ಈಗ ಒಬ್ಬರಿಂದ ಉಳಿಯೋದು 3,885 ಮಾತ್ರ. ಬ್ರೇಕ್-ಈವನ್ 15ರಿಂದ 19ಕ್ಕೆ ಹೋಯ್ತು. ಸೀಟು 20 ಅಷ್ಟೇ!

ಎರಡನೇದು ಕಂತು. ಫೀಸು 3,000ದಂತೆ ಎರಡು ಕಂತಲ್ಲಿ. 20 ಜನರೂ ಸೇರಿದ್ರು, ಆದ್ರೆ ಮೂವರು ಮೊದಲ ಕಂತು ಕಟ್ಟಿ, ಆಮೇಲೆ ಬರಲೇ ಇಲ್ಲ. ತೆರಿಗೆ ಕಳೆದ ಮೇಲೆ ಹೋದದ್ದು ಸುಮಾರು 7,600. ಕೊನೆಗೆ ಕೈಯಲ್ಲಿ 70,100, ಖರ್ಚು 72,000. ಲ್ಯಾಬ್ ತುಂಬಿದೆ, ಆದ್ರೂ 1,900 ಲಾಸ್.

ಹೀಗಾದಾಗ ಮೊದಲು ಏಟು ಬೀಳೋದು ಮೇಷ್ಟ್ರ ಸಂಬಳಕ್ಕೆ. ಅವರು ಬಿಟ್ಟು ಹೋದ್ರೆ ಪೂರ್ತಿ ಫೀಸು ಕಟ್ಟಿದವರ ಕ್ಲಾಸು ಅರ್ಧಕ್ಕೇ ನಿಲ್ಲುತ್ತೆ.

"ಹಾಗಾದ್ರೆ ಇನ್ನೊಂದು ಬ್ಯಾಚ್ ಹಾಕೋಣ" ಅಂತೀರಾ? 21ನೇ ಹುಡುಗ ಬಂದ ದಿನವೇ ಇನ್ನೊಬ್ಬ ಮೇಷ್ಟ್ರು ಬೇಕು. ಸಂಬಳದ ಖರ್ಚು ಒಂದೇ ಏಟಿಗೆ 45,000 ಏರುತ್ತೆ. ಹಳೆಯ ಲೆಕ್ಕ ಅಲ್ಲಿಗೆ ಮುಗೀತು.

ನನ್ನ ಪ್ರಕಾರ, ಶೀಟ್ ಕೈಗೆ ಬಂದಾಗ ಕೊನೆಯ ಸಾಲಿನ ಬ್ರೇಕ್-ಈವನ್ ಅಂಕಿಯನ್ನ ಕೊನೆಗೇ ನೋಡಬೇಕು. ಮೊದಲು ನೋಡಬೇಕಾದ್ದು ಫೀಸಿನ ಸಾಲು. ಅದು ಪೋಸ್ಟರಿನ ಫೀಸಾ, ನಿಜವಾಗಿ ಕೈಗೆ ಬರೋ ದುಡ್ಡಾ? ಆಮೇಲೆ ಬ್ರೇಕ್-ಈವನ್‌ಗೂ ಸೀಟಿಗೂ ಮಧ್ಯೆ ಎಷ್ಟು ಜಾಗ ಇದೆ ನೋಡಿ. 20ಕ್ಕೆ 19 ಅಂದ್ರೆ ಒಬ್ಬ ತಪ್ಪಿದ್ರೂ ಅಂಚಿಗೆ ಬಂದ ಹಾಗೆ.

ಇದೇ ಕೋರ್ಸಿಗೆ ತೆರಿಗೆ ಸೇರಿ 7,000 ಇಟ್ಟು, ಮೂವರು ಎರಡನೇ ಕಂತು ಕಟ್ಟಲ್ಲ ಅಂತ ಮೊದಲೇ ಹಿಡಿದ್ರೆ 18 ಜನಕ್ಕೆ ಲೆಕ್ಕ ಕೂಡುತ್ತೆ. ಆದ್ರೆ 7,000ಕ್ಕೆ ಅಷ್ಟು ಜನ ಬರ್ತಾರಾ? ಅದನ್ನ ಶೀಟ್ ಹೇಳಲ್ಲ, ನಾಲ್ಕು ಕಾಲೇಜಿನ ಗೇಟ್ ಹತ್ರ ನಿಂತು ಕೇಳಬೇಕು.

ನೀವಾಗಿದ್ರೆ ಏನ್ಮಾಡ್ತಿದ್ರಿ: ಫೀಸು ಏರಿಸೋದಾ, ಅಥವಾ ಮೇಷ್ಟ್ರಿಗೆ ಸಂಬಳದ ಬದಲು ತಲೆಗಿಷ್ಟು ಅಂತ ಕೊಡೋದಾ? ಕಾಮೆಂಟಲ್ಲಿ ಲೆಕ್ಕ ಸಮೇತ ಬರೀರಿ.

#ಕಾಮರ್ಸ್‌ಕಟ್ಟೆ #ಬ್ರೇಕ್‌ಈವನ್ #ಬಿಕಾಂ